ಮಂಗ ಸುಟ್ಟಾಯ್ತಲ, ಇನ್ನು ದರಕಿಗೆ ಹೋಗ್ಲಕ್ಕಾ?

2019ರ ಜನವರಿಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಿಂದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದ್ದವು. ಅರಳಗೋಡು ಶಿವಮೊಗ್ಗ ಜಿಲ್ಲೆಯದ್ದಾದರೂ ನಮಗೆ ದೂರದ ಊರಲ್ಲ. ಶರಾವತಿ ಕಣಿವೆಯ ಕಾಡು ಅಲ್ಲಿಂದ ಗೇರುಸೊಪ್ಪೆಯ ಕಡೆಗೆ ಇಳಿದರೆ ಹೊನ್ನಾವರ ತಾಲ್ಲೂಕೇ. ಮಂಗನಿಗೂ ಉಣುಗಿಗೂ ತಾಲ್ಲೂಕಿನ ಗಡಿ ಗೊತ್ತಿರುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯಿಂದ ಸುದ್ದಿ ಕಳಿಸುವ ನಾವು ಮೂವರು ಗೆಳೆಯರು ಒಟ್ಟಾಗಿ ಘಟ್ಟದ ಬುಡದ ಒಂದು ಹಳ್ಳಿಗೆ ಹೋಗಿ, ವರದಿ ಬರೆದು ಕಳಿಸಿದೆವು. ‘ಮಂಗಗಳಿಂದ ಹರಡುವ ಮಾರಕ ಜ್ವರ’ ಎಂದು ಮೊದಲ ಸಾಲು. ಅಚ್ಚಾಯಿತು ಕೂಡ.

ವಾರದ ನಂತರ ಅದೇ ಹಳ್ಳಿಯಲ್ಲಿ ಸಿಕ್ಕ ಒಬ್ಬರು ಹಿರಿಯ ಆರೋಗ್ಯ ಸಹಾಯಕರು ನಮ್ಮ ವರದಿಯ ಕತ್ತರಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಬೈಯಲಿಲ್ಲ. ಚಾ ತರಿಸಿ, ‘ತಮ್ಮಾ, ನಾನು ಏನೂ ತಿಳಿಯದವನು ಅಂದ್ಕಳಿ. ಈ ಕಾಯಿಲೆ ಹ್ಯಾಂಗೆ ಬರ್ತದೆ ಅಂತ ನಂಗೆ ಹೇಳಿ ನೋಡ್ವಾ’ ಎಂದರು. ನಾವು ಹೇಳಿದೆವು: ವೈರಸ್ಸು, ಮಂಗ, ಉಣ್ಣೆ, ಮನುಷ್ಯ. ‘ಸರಿ. ಮೊನ್ನೆ ಮೇಲಿನ ಕೇರಿಯ ಬೆಟ್ಟದಲ್ಲಿ ಮಂಗ ಸತ್ತಿತ್ತು. ಬಂದು ಸುಟ್ಟು ಹೋದ್ರು. ಮೂರು ದಿನ ಆಯ್ತು. ಈಗ ಅಲ್ಲಿ ದರಕು ಗುಡಿಸೋಕೆ ಹೋಗ್ಲಕ್ಕಾ?’

ಮಂಗವನ್ನೇ ಸುಟ್ಟ ಮೇಲೆ ಇನ್ನೇನು ಎಂದುಕೊಂಡ ನಮ್ಮಲ್ಲೊಬ್ಬ ‘ಹೋಗಬಹುದು’ ಎಂದುಬಿಟ್ಟ. ಇನ್ನಿಬ್ಬರು ಸುಮ್ಮನಿದ್ದೆವು. ಅಂದರೆ ನಮಗೂ ಗೊತ್ತಿರಲಿಲ್ಲ. ಎಂಟು ನೂರು ಪದಗಳ ವರದಿ ಬರೆದವರಿಗೆ ಕಾಯಿಲೆಯ ಹೆಸರು ಗೊತ್ತಿತ್ತು, ಕಾಯಿಲೆ ಗೊತ್ತಿರಲಿಲ್ಲ.

ಅವರು ನಮ್ಮ ಮೇಲೆ ಮಾಡಿದ ಪರೀಕ್ಷೆಗೆ ವೈದ್ಯಲೋಕದಲ್ಲಿ ‘ಟೀಚ್ ಬ್ಯಾಕ್’ ಎಂದು ಹೆಸರಿದೆ ಎಂಬುದು ಆಮೇಲೆ ತಿಳಿಯಿತು. ಕೇಳಿದ್ದನ್ನು ತನ್ನ ಸರಳ ಮಾತಿನಲ್ಲಿ ತಿರುಗಿ ಹೇಳಿಸುವುದು. ಮಂಗನ ಕಾಯಿಲೆಯ ಅರವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ನಮಗೆ ಕಂಡದ್ದು, ಈ ಕಾಯಿಲೆಯ ವಿಚಾರದಲ್ಲಿ ಇಂಥ ಪರೀಕ್ಷೆಗೆ ಸಿಕ್ಕವರು ನಾವಷ್ಟೇ ಅಲ್ಲ, ವಿಜ್ಞಾನಿಗಳೂ ಹೌದು.

1957ರ ಮಾರ್ಚ್ ತಿಂಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬೀಳುತ್ತಿವೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಶುರುಮಾಡಿದ್ದ ಕೇಂದ್ರ ಅದು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ. ಮಂಗವೂ ಸಾಯುತ್ತಿದೆ, ಮನುಷ್ಯನೂ ಸಾಯುತ್ತಿದ್ದಾನೆ ಎಂದ ಕೂಡಲೇ ಅಲ್ಲಿನವರ ಮನಸ್ಸಿಗೆ ಬಂದದ್ದು ಹಳದಿ ಜ್ವರ. ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವ ಮೊದಲ ಸೂಚನೆಯೇ ಮಂಗಗಳ ಸಾವು. ಆ ಜ್ವರ ಭಾರತಕ್ಕೆ ಎಂದೂ ಬಂದಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಊರೂರಲ್ಲೂ ಇತ್ತು. ಬಂದಿದ್ದೇ ಆದರೆ ತಡೆಯುವವರಿಲ್ಲ.

ಕೇಂದ್ರದ ನಿರ್ದೇಶಕ ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೋ ಅವರ ತಂಡ ಕಾಡಿಗೆ ಬಂತು. ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ಸು ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಬರುವ ಮೆದುಳುಜ್ವರದ ವೈರಸ್ಸಿನ ನೆಂಟ. ರಷ್ಯಾದ ಜ್ವರವನ್ನು ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಹಾಗಾದರೆ ಇಲ್ಲಿಯೂ ಉಣ್ಣೆಯೇ ಇರಬೇಕು ಎಂದು ಹುಡುಕಿದಾಗ ಕಾಡಿನ ನೆಲದ ಉಣ್ಣೆಗಳಲ್ಲಿ ವೈರಸ್ಸು ಸಿಕ್ಕೇಬಿಟ್ಟಿತು. ಮುಖ್ಯವಾಗಿ ಹೀಮಾಫಿಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯ ಉಣ್ಣೆಯಲ್ಲಿ.

ಕಥೆ ಮುಗಿಯಿತು ಅನ್ನಿಸುತ್ತದೆ. ಆದರೆ ಇದನ್ನೇ ಸರಳವಾಗಿ ಒಂದು ಮಗುವಿಗೆ ಹೇಳಲು ಕೂತರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ: ರಷ್ಯಾ ಎಲ್ಲಿ, ಸೊರಬ ಎಲ್ಲಿ? ಉಣ್ಣೆ ನಡೆದು ಬಂತೇ? ಆಗಿನ ವಿಜ್ಞಾನಿಗಳಿಗೂ ಇದೇ ಪ್ರಶ್ನೆ ಬಂತು. ಚಳಿಗಾಲಕ್ಕೆ ಉತ್ತರದಿಂದ ಭಾರತಕ್ಕೆ ಬರುವ ವಲಸೆ ಹಕ್ಕಿಗಳ ಮೈಮೇಲೆ ಉಣ್ಣೆ ಬಂದಿರಬಹುದು ಎಂಬ ಊಹೆ ಹುಟ್ಟಿತು. ಹಕ್ಕಿ ತಜ್ಞ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೈಗೆತ್ತಿಕೊಳ್ಳಲು ಈ ಊಹೆಯೂ ಒಂದು ಕಾರಣ. ಹಕ್ಕಿಗಳ ಬಗ್ಗೆ ಬಹಳಷ್ಟು ತಿಳಿಯಿತು. ಆದರೆ ಕಾಯಿಲೆಯನ್ನು ಹಕ್ಕಿ ತಂದಿತು ಎಂಬುದು ನಿಲ್ಲಲಿಲ್ಲ. ವೈರಸ್ಸು ಈ ಕಾಡಿನಲ್ಲಿ ಮೊದಲಿನಿಂದಲೂ ಸದ್ದಿಲ್ಲದೆ ಇತ್ತು, ಯಾವುದೋ ಬದಲಾವಣೆ ಅದನ್ನು ಹೊರಗೆ ತಂದಿತು ಎಂಬ ಮಾತೇ ಬಲವಾಯಿತು.

ಆ ಬದಲಾವಣೆ ಏನು ಎಂದು ಹೇಳಲು ಯತ್ನಿಸಿದವರಲ್ಲಿ ಜಾರ್ಜ್ ಬೋಷೆಲ್ ಒಬ್ಬರು. ಕೊಲಂಬಿಯಾದವರು, ಅಲ್ಲಿನ ಕಾಡುಗಳಲ್ಲಿ ಹಳದಿ ಜ್ವರವನ್ನು ಬೆನ್ನಟ್ಟಿದವರು. ಮರ ಕಡಿದು ಬೀಳಿಸಿದಾಗ ಮರದ ನೆತ್ತಿಯಲ್ಲಿದ್ದ ಸೊಳ್ಳೆಗಳು ಕಡಿಯುವವರ ಸುತ್ತ ಮುತ್ತಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದವರು. 1960ರ ದಶಕದಲ್ಲಿ ನಮ್ಮ ಕಡೆಯ ಕಾಡು ನೋಡಿದ ಅವರು 1969ರಲ್ಲಿ ಬರೆದದ್ದರ ತಿರುಳು ಇಷ್ಟು: ಜನ ಹೆಚ್ಚಿದರು, ಕಾಡಿನಂಚನ್ನು ಕಡಿದು ಗದ್ದೆ ಮಾಡಿದರು, ದನ ಹೆಚ್ಚಿದವು, ದನ ಕಾಡಿಗೆ ಮೇಯಲು ಹೋದವು. ದೊಡ್ಡ ಉಣ್ಣೆಗೆ ದನದ ರಕ್ತ ಬೇಕು. ದನ ಹೆಚ್ಚಿದಂತೆ ಉಣ್ಣೆ ಹೆಚ್ಚಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ಸಾವಿರಕ್ಕೂ ಮೀರಿ ಜನ ಜ್ವರಕ್ಕೆ ಬಿದ್ದಾಗ ಆ ಮಾತು ಎಲ್ಲರಿಗೂ ನೆನಪಾಯಿತು. ಮೊದಲಿಗೆ ಸಾಗರ, ಸೊರಬ, ಶಿಕಾರಿಪುರದ ಸುತ್ತಲಷ್ಟೇ ಇದ್ದ ಕಾಯಿಲೆ 1970ರ ದಶಕದಿಂದ ಹೊರಗೆ ಹರಡಿ ನಮ್ಮ ಜಿಲ್ಲೆಯನ್ನೂ ಸೇರಿತು.

ಇಷ್ಟರೊಳಗೆ ಜನ ಕಾಯಿಲೆಗೊಂದು ಹೆಸರು ಕೊಟ್ಟಾಗಿತ್ತು: ಮಂಗನ ಕಾಯಿಲೆ. ಕ್ಯಾಸನೂರು ಕಾಡಿನ ಕಾಯಿಲೆ ಎಂಬುದು ಕಾಗದದಲ್ಲಿ ಉಳಿಯಿತು. ಜನ ಕೊಟ್ಟ ಹೆಸರು ಚಿಕ್ಕದು, ಸರಳವಾದದ್ದು, ನೆನಪಿನಲ್ಲಿ ಉಳಿಯುವಂಥದ್ದು. ಕಷ್ಟದ ವಿಷಯವನ್ನು ಎರಡೇ ಪದದಲ್ಲಿ ಹೇಳಿದ್ದು. ತಪ್ಪಿದ್ದು ಮಾತ್ರ ಬೇಕಾದ ಜಾಗದಲ್ಲೇ. ಕಾಯಿಲೆ ಮಂಗನದ್ದಲ್ಲ. ನಮ್ಮ ಹಾಗೆ ಮಂಗವೂ ಕಚ್ಚಿಸಿಕೊಂಡು ಸಾಯುವ ಬಡಪಾಯಿ. ಈ ಹೆಸರಿನಿಂದ ಇನ್ನೊಂದು ಗೊಂದಲವೂ ಇದೆ. ಮಕ್ಕಳಿಗೆ ಕೆನ್ನೆ ಊದಿಕೊಳ್ಳುವ ಮಂಗನ ಬಾವು ಬೇರೆ, ಇದು ಬೇರೆ. ‘ಸಣ್ಣದಿರುವಾಗ ನಂಗೆ ಬಂದು ಹೋಗಿದೆ, ಇನ್ನು ಬರೂದಿಲ್ಲ’ ಎಂದು ಚುಚ್ಚುಮದ್ದು ಬೇಡವೆಂದ ಅಜ್ಜನೊಬ್ಬನನ್ನು ಕುಮಟೆಯ ಬದಿಯಲ್ಲಿ ನಾವೇ ನೋಡಿದ್ದೇವೆ. ಅವನು ಹೇಳುತ್ತಿದ್ದದ್ದು ಬಾವಿನ ಬಗ್ಗೆ.

ಈಗ ಆ ಆರೋಗ್ಯ ಸಹಾಯಕರು ನಮಗೆ ಹೇಳಿಕೊಟ್ಟ ಹಾಗೆ ಕಾಯಿಲೆಯನ್ನು ಹೇಳಿ ನೋಡುತ್ತೇವೆ.

ಈ ಉಣುಗು ತನ್ನ ಆಯುಷ್ಯದಲ್ಲಿ ಮೂರೇ ಊಟ ಮಾಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಒಂದು ಊಟ. ಅದು ಪೊರೆ ಬಿಟ್ಟು ನಡುಪ್ರಾಯಕ್ಕೆ ಬಂದಾಗ ಒಂದು ಊಟ. ಮತ್ತೆ ಪೊರೆ ಬಿಟ್ಟು ದೊಡ್ಡದಾದಾಗ ಕೊನೆಯ ಊಟ, ಆಮೇಲೆ ಮೊಟ್ಟೆ. ಒಂದೊಂದು ಊಟಕ್ಕೂ ಒಂದೊಂದು ಪ್ರಾಣಿ. ಊಟ ಮುಗಿದರೆ ಕಳಚಿ ನೆಲಕ್ಕೆ ಬೀಳುತ್ತದೆ. ಮರಿ ಮತ್ತು ನಡುಪ್ರಾಯದ್ದು ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದನ್ನು ಹಿಡಿಯುತ್ತವೆ. ದೊಡ್ಡದಕ್ಕೆ ದನದಂಥ ದೊಡ್ಡ ಮೈ ಬೇಕು. ಮಳೆಗಾಲದಲ್ಲಿ ದೊಡ್ಡವು ದನಕ್ಕೆ ಹತ್ತಿ, ಉಂಡು, ಇಳಿದು ಮೊಟ್ಟೆಯಿಡುತ್ತವೆ. ಮಳೆ ಹಿಂದಾದ ಮೇಲೆ ಮರಿಗಳು. ನವೆಂಬರಿನಿಂದ ಮೇ ತನಕ ನಡುಪ್ರಾಯದವು. ಎಳ್ಳಿಗಿಂತ ಸಣ್ಣ ಇದೇ ಉಣುಗು ಮನುಷ್ಯನನ್ನು ಕಚ್ಚುವುದು. ಕಾಯಿಲೆಯೂ ಇದೇ ತಿಂಗಳುಗಳಲ್ಲಿ ಬರುತ್ತದೆ. ಅಡಿಕೆ ಕೊಯ್ಲು, ಕಟ್ಟಿಗೆ, ದರಕು, ಎಲ್ಲ ಕೆಲಸಕ್ಕೂ ನಾವು ಬೆಟ್ಟ ಹತ್ತುವ ತಿಂಗಳುಗಳೂ ಅವೇ.

ವೈರಸ್ಸು ಸೇರಿಕೊಳ್ಳುವುದು ಊಟದಲ್ಲಿ. ಜ್ವರ ಬಂದ ಮಂಗನ ರಕ್ತದಲ್ಲಿ ಕೆಲವು ದಿನ ವೈರಸ್ಸು ತುಂಬಿ ತುಳುಕುತ್ತದೆ. ಆಗ ಮಂಗನ ಮೈಮೇಲಿದ್ದ ಮರಿ ಉಣುಗುಗಳಿಗೆಲ್ಲ ಅದು ಸಿಗುತ್ತದೆ. ಅವು ಪೊರೆ ಬಿಟ್ಟರೂ ವೈರಸ್ಸು ಹೊಟ್ಟೆಯಲ್ಲೇ ಉಳಿಯುತ್ತದೆ. ಮುಂದಿನ ಊಟಕ್ಕೆ ನಿಮ್ಮ ಕಾಲು ಸಿಕ್ಕರೆ ನಿಮಗೆ ದಾಟುತ್ತದೆ. ಮಂಗ ಸತ್ತು ಮೈ ತಣ್ಣಗಾದಾಗ ಅಂಟಿಕೊಂಡಿದ್ದ ಉಣುಗುಗಳು ಇಳಿದು ಅದೇ ಜಾಗದ ಎಲೆಗಳಡಿ ಸೇರುತ್ತವೆ. ಹೆಣ ಬಿದ್ದಲ್ಲಿಂದ ಸುತ್ತ 50 ಮೀಟರ್ ಜಾಗಕ್ಕೆ ಕೀಟನಾಶಕದ ಪುಡಿ ಹಾಕುವುದು ಇದಕ್ಕೇ. ಹಾಗಾಗಿ ಮಂಗ ಸುಟ್ಟಾಯಿತು ಎಂಬುದರಿಂದ ಜಾಗ ಸುರಕ್ಷಿತ ಎಂದಾಗುವುದಿಲ್ಲ. ಸುಟ್ಟದ್ದು ಉಂಡ ಬಾಳೆಯನ್ನು, ಉಂಡವರು ಎದ್ದು ಹೋಗಿ ಬದಿಯಲ್ಲಿ ಕೂತಿದ್ದಾರೆ.

ಇಷ್ಟನ್ನು ಕೇಳಿದ ಮೇಲೆ ನಮಗೆ ತಿಳಿಯಿತು ಅನ್ನಿಸಿತ್ತು. ಜನರಿಗೆ ಇದನ್ನು ತಿಳಿಸುವುದು ಹೇಗೆಂದು ನೋಡಲು ಅವರ ಜೊತೆ ಒಂದು ಸಂಜೆಯ ಸಭೆಗೆ ಹೋದೆವು. ಶಾಲೆಯ ಜಗಲಿ, ಇಪ್ಪತ್ತು ಮೂವತ್ತು ಜನ. ಅವರು ಹೇಳಿ ಮುಗಿಸಿ ‘ಅರ್ಥ ಆಯ್ತಾ?’ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲರೂ ‘ಆಯ್ತು’ ಎನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ ಎಂಬುದು ಅವರ ಅನುಭವ. ಬದಲಿಗೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು: ‘ನಾ ಸರಿ ಹೇಳಿದ್ನೋ ಇಲ್ವೋ ನಂಗೇ ಗೊತ್ತಿಲ್ಲ. ಅಕ್ಕಾ, ನಿಮ್ಮನೇಲಿ ಇವತ್ತು ಬರದೇ ಇದ್ದವ್ರಿಗೆ ಹೋಗಿ ಎಂತ ಹೇಳ್ತ್ರಿ?’

ಮುಂದೆ ಕೂತ ಒಬ್ಬ ಹೆಂಗಸು ಕೂಡಲೇ ಹೇಳಿದರು: ‘ಮಂಗ ಸತ್ರೆ ಆಸ್ಪತ್ರೆಗೆ ತಿಳಿಸ್ಬೇಕು. ಮುಟ್ಬಾರ್ದು. ಬೆಟ್ಟಕ್ಕೆ ಹೋಪಾಗ ಎಣ್ಣೆ ಹಚ್ಕಬೇಕು. ಬಂದ ಮೇಲೆ ಬಿಸಿನೀರಲ್ಲಿ ಮೀಯಬೇಕು.’ ನಾಲ್ಕೂ ಸರಿ. ನಾವು ತಲೆಯಾಡಿಸಿದೆವು. ಆರೋಗ್ಯ ಸಹಾಯಕರು ಒಪ್ಪಲಿಲ್ಲ. ಅದು ಕರಪತ್ರದ ಮಾತು, ಆಕೆಯದ್ದಲ್ಲ. ನಮಗೆ ಕೇಳಿದ ಪ್ರಶ್ನೆಯನ್ನೇ ಆಕೆಗೂ ಕೇಳಿದರು. ಆಕೆಯ ಉತ್ತರ ನಮ್ಮದೇ: ‘ಮಂಗ ಸುಟ್ಟಾಯ್ತಲ, ಹೋಗ್ಲಕ್ಕು.’

ಇಲ್ಲಿ ಅವರು ಮಾಡಿದ್ದನ್ನು ನಾವು ಇಂದಿಗೂ ಮರೆತಿಲ್ಲ. ಹೇಳಿದ್ದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಲಿಲ್ಲ. ಹೇಳುವ ದಾರಿಯನ್ನೇ ಬದಲಿಸಿದರು. ‘ನಿಮ್ಮ ಕೊಟ್ಟಿಗೇಲಿ ದನ ಸತ್ತದ್ದು ನೋಡಿದ್ರಾ?’ ನೋಡಿದ್ದರು. ‘ಅದ್ರ ಮೈಮೇಲಿನ ಉಣುಗು ಎಂತ ಆಯ್ತು?’ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಳ್ದು ಹೋಗ್ತದೆ… ಗ್ವಾಡೆ ಮೇಲೆಲ್ಲ ಹರೀತಿತ್ತು’ ಎಂದರು. ಆಮೇಲೆ ಯಾರೂ ಕೇಳದೆಯೇ ಮುಂದುವರಿಸಿದರು: ‘ಹಂಗಾರೆ ಮಂಗ ಸತ್ತಲ್ಲೂ ಹಾಂಗೇ ಅಲ್ದಾ? ಮಂಗ ಇಲ್ಲದಿದ್ರೂ ಉಣುಗು ಅಲ್ಲೇ ಇರ್ತದೆ. ನಾವು ಹೋದ್ರೆ ನಮ್ಗೇ ಹತ್ತದು.’ ಅಷ್ಟರಲ್ಲಿ ಆಕೆಗೇ ಹೊಸ ಪ್ರಶ್ನೆ ಹುಟ್ಟಿತು: ‘ಮತ್ತೆ ನಮ್ಮ ದನಕ್ಕೆ ಈ ಜ್ವರ ಬರೂದಿಲ್ವಾ?’

ಕರಪತ್ರದಲ್ಲಿ ಇಲ್ಲದ ಈ ಪ್ರಶ್ನೆಯೇ ಅವರಿಗೆ ಬೇಕಾಗಿದ್ದದ್ದು. ಕೇಳಿದ್ದು ಒಳಗೆ ಇಳಿದಿದೆ ಎಂಬುದಕ್ಕೆ ಅದಕ್ಕಿಂತ ಗುರುತಿಲ್ಲ. ದನಕ್ಕೆ ಈ ಜ್ವರ ಬಾಧಿಸುವುದಿಲ್ಲ, ಅದರ ರಕ್ತದಲ್ಲಿ ವೈರಸ್ಸು ಉಣುಗಿಗೆ ಸಿಗುವಷ್ಟು ಹೆಚ್ಚುವುದೂ ಇಲ್ಲ, ಆದರೆ ದೊಡ್ಡ ಉಣುಗಿಗೆ ಊಟ ಹಾಕಿ ಸಂತತಿ ಬೆಳೆಸುವುದು ಅದೇ ಎಂದು ಅವರು ಹೇಳಿದರು. ಹಿಂದಿನಿಂದ ಒಬ್ಬ ಗಂಡಸು ಎದ್ದು ನಿಂತು, ಪಕ್ಕದ ಕೇರಿಯಲ್ಲಿ ಜ್ವರ ಬಂದವರ ಮನೆಗೆ ಯಾರೂ ಹೋಗುತ್ತಿಲ್ಲ, ಅವರ ಬಾವಿಯ ನೀರನ್ನೂ ಮುಟ್ಟುತ್ತಿಲ್ಲ, ಅದು ಸರಿಯೋ ಎಂದ. ಈ ಸಲ ಉತ್ತರ ಕೊಟ್ಟದ್ದು ಆ ಹೆಂಗಸೇ: ‘ಅವ್ರಿಗೆ ಕಚ್ಚಿದ ಉಣುಗು ಬಂದು ನಿಂಗೆ ಕಚ್ಚೂದು ಹ್ಯಾಂಗೆ? ಅವ್ರು ಅದ್ನ ಕಿತ್ತು ಒಲೆಗೆ ಹಾಕಿರ್ತ್ರು.’ ಇದು ಪೂರಾ ಸರಿ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ದಾಟುವುದಿಲ್ಲ, ಕೊಂಡಿ ಅವನಲ್ಲೇ ಮುಗಿಯುತ್ತದೆ. ಆಕೆಗೆ ಇದನ್ನು ಯಾರೂ ಹೇಳಿರಲಿಲ್ಲ. ಉಣುಗಿನ ಊಟದ ಕಥೆಯಿಂದ ತಾನೇ ತೆಗೆದದ್ದು.

ಎಲ್ಲರದ್ದೂ ಹೀಗೆ ಆಗಲಿಲ್ಲ. ಚೆನ್ನಾಗಿ ಮಾತಾಡುವ ಒಬ್ಬ ಯುವಕ ಉಣುಗಿನ ಮೂರೂ ಹಂತವನ್ನು ನಮಗಿಂತ ಚಂದವಾಗಿ ಒಪ್ಪಿಸಿದ. ಕೊನೆಗೆ ‘ಅದ್ಕೇ ಊರಿನ ಮಂಗನೆಲ್ಲ ಓಡಿಸ್ಬೇಕು’ ಎಂದ. ಓಡಿಸಿದ ಮಂಗ ಉಣುಗನ್ನು ಹೊತ್ತುಕೊಂಡೇ ಹೋಗಿ ಪಕ್ಕದೂರಿನಲ್ಲಿ ಸಾಯುತ್ತದೆ. ತಿರುಗಿ ಹೇಳಿಸುವ ಪರೀಕ್ಷೆಯ ದೊಡ್ಡ ಮೋಸ ಇದು. ನೆನಪು ಚೆನ್ನಾಗಿರುವವನು ಪಾಸಾಗಿಬಿಡುತ್ತಾನೆ. ಅದಕ್ಕೇ ಹೇಳಿಸಿದರಷ್ಟೇ ಸಾಲದು, ಪಾಠದಲ್ಲಿ ಇಲ್ಲದ ಒಂದು ಸಂದರ್ಭವನ್ನು ಮುಂದಿಟ್ಟು ಏನು ಮಾಡುತ್ತೀ ಎಂದು ಕೇಳಬೇಕು.

ನಮ್ಮ ಊರಿನವರಿಗೆ ಇದು ಹೊಸತಾಗಿ ಕಾಣಬೇಕಿಲ್ಲ. ತಾಳಮದ್ದಳೆಯಲ್ಲಿ ನಡೆಯುವುದು ಇದೇ ತಾನೆ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿ ಅದನ್ನು ಬಾಯಿಪಾಠದಿಂದಲ್ಲ, ತನ್ನದೇ ಮಾತಿನಲ್ಲಿ ಬಿಡಿಸಬೇಕು. ಆ ಕೆಲಸಕ್ಕೆ ಹೆಸರೇ ಅರ್ಥ. ಎದುರಿಗೆ ಕೂತವನು ಸುಮ್ಮನಿರುವುದಿಲ್ಲ, ಪ್ರಸಂಗದಲ್ಲಿ ಇಲ್ಲದ ಪ್ರಶ್ನೆ ಹಾಕುತ್ತಾನೆ. ಪದ್ಯ ಮಾತ್ರ ಬಂದು ಅರ್ಥ ಬಾರದವನು ಅಲ್ಲಿಗೆ ಸಿಕ್ಕಿಬೀಳುತ್ತಾನೆ. ಮಳೆಗಾಲದ ರಾತ್ರಿ ಇಡಗುಂಜಿ, ಗುಣವಂತೆಯ ಕಡೆಯ ಜಗಲಿಗಳಲ್ಲಿ ಕೂತು ಕೇಳಿದವರಿಗೆ ಆ ಮೌನ ಎಷ್ಟು ಉದ್ದ ಇರುತ್ತದೆಂದು ಗೊತ್ತು.

ವೈದ್ಯಲೋಕ ಇದನ್ನು ಅಳೆದು ನೋಡಿದ್ದು ತಡವಾಗಿ. 2003ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೀನ್ ಶಿಲಿಂಜರ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರ ಜೊತೆ ವೈದ್ಯರು ಆಡಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಪರಿಶೀಲಿಸಿದರು. ವೈದ್ಯರು ಹೇಳಿದ ಹೊಸ ವಿಷಯಗಳು 124. ರೋಗಿಗೆ ತಿಳಿಯಿತೇ ಎಂದು ತಿರುಗಿ ನೋಡಿದ್ದು ಅವುಗಳಲ್ಲಿ 15ನ್ನು ಮಾತ್ರ. ಹಾಗೆ ನೋಡುವ ವೈದ್ಯರ ಕೈಯಲ್ಲಿದ್ದ ರೋಗಿಗಳ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ಅದೇ ಕಾರಣವೆಂದು ಸಾಧಿಸಲು ಅಷ್ಟು ಚಿಕ್ಕ ಅಧ್ಯಯನ ಸಾಲದು. ಆದರೆ ನೂರಕ್ಕೆ ಹನ್ನೆರಡು ಎಂಬ ಲೆಕ್ಕ ಓದಿದಾಗ ನಮಗೆ ಆ ಜಗಲಿ ನೆನಪಾಯಿತು.

ಮಂಗನ ಕಾಯಿಲೆಯಲ್ಲಿ ತಿಳಿದಿದ್ದಾರೆ ಎಂದುಕೊಂಡದ್ದಕ್ಕೆ ಬೆಲೆ ತೆತ್ತದ್ದು ಚುಚ್ಚುಮದ್ದಿನ ವಿಚಾರದಲ್ಲಿ. ಈ ಕಾಯಿಲೆಗೆ ನೇರ ಔಷಧವಿಲ್ಲ. ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಮಲೆನಾಡಿನಲ್ಲಿ ದಶಕಗಳ ಕಾಲ ಕೊಟ್ಟ ಲಸಿಕೆಯ ಕ್ರಮ ಉದ್ದದ್ದು: ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಅಧ್ಯಯನದಲ್ಲಿ ಎರಡು ಚುಚ್ಚಿಸಿಕೊಂಡವರಿಗೆ ನೂರಕ್ಕೆ ಸುಮಾರು 62ರಷ್ಟು, ಮೂರನೆಯದ್ದನ್ನೂ ಚುಚ್ಚಿಸಿಕೊಂಡವರಿಗೆ ಸುಮಾರು 83ರಷ್ಟು ರಕ್ಷಣೆ ಕಂಡಿತು. ಹಳ್ಳಿಗಳಲ್ಲಿ ನಾವು ಕೇಳಿದಾಗ ಸಿಗುತ್ತಿದ್ದ ಉತ್ತರ ಒಂದೇ: ‘ಹಾಕಿಸ್ಕಂಡಿದೇವೆ.’ ಎಷ್ಟು ಸಲ ಎಂದರೆ ಒಂದು. ಪೋಲಿಯೋ ಹನಿಯಂತೆ ಇದೂ ಸರ್ಕಾರ ಬಂದು ಹಾಕಿ ಹೋಗುವುದು ಎಂದುಕೊಂಡವರೇ ಹೆಚ್ಚು. ಒಂದು ಚುಚ್ಚಿಗೇ ಕೈ ಊದಿ ಎರಡು ದಿನ ಕೂಲಿ ತಪ್ಪಿದ ಮೇಲೆ ಎರಡನೆಯದಕ್ಕೆ ಏಕೆ ಬರಬೇಕು ಎಂದು ಅವರಿಗೆ ಮನಸ್ಸಿಗೆ ಹೊಗುವಂತೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ತಿರುಗಿ ಹೇಳಿಸಿರಲಿಲ್ಲ. ವೈರಸ್ಸನ್ನು ಕೊಂದು ಮಾಡಿದ ಲಸಿಕೆ ಇದು, ಮೊದಲ ಸಲ ಮೈಗೆ ಶತ್ರುವಿನ ಮುಖ ತೋರಿಸುತ್ತದೆ ಅಷ್ಟೆ, ಮತ್ತೆ ಮತ್ತೆ ತೋರಿಸದಿದ್ದರೆ ಮೈ ಮರೆಯುತ್ತದೆ ಎಂದು ಹೇಳಬಹುದಿತ್ತು. 2022ರಲ್ಲಿ ಲಸಿಕೆಯ ಸಾಮರ್ಥ್ಯವೇ ಸಾಲದೆಂದು ಅದನ್ನು ಕೊಡುವುದೇ ನಿಂತಿತು. ಆ ಬಳಿಕ 2024ರ ಆರಂಭದಲ್ಲಿ ನಮ್ಮ ನೆರೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಒಂದಾದ ಮೇಲೊಂದು ಪ್ರಕರಣ ಬಂದಾಗ ಜನರ ಕೈಯಲ್ಲಿ ಉಳಿದಿದ್ದದ್ದು ಮೈಗೆ ಹಚ್ಚುವ ಎಣ್ಣೆ ಮತ್ತು ತಿಳುವಳಿಕೆ, ಇವೆರಡೇ.

ತಿಳುವಳಿಕೆಗೂ ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಹೆಂಗಸು ಎರಡು ದಿನದ ಮೇಲೆ ಬೇರೆ ಬೆಟ್ಟಕ್ಕೆ ದರಕಿಗೆ ಹೋದರು. ಕೊಟ್ಟಿಗೆಗೆ ಹಾಸು ಬೇಕು, ತೋಟಕ್ಕೆ ಗೊಬ್ಬರ ಬೇಕು. ಮಂಗ ಸತ್ತ ಜಾಗ ಬಿಟ್ಟು, ಎಣ್ಣೆ ಹಚ್ಚಿಕೊಂಡು, ಸೀರೆ ಮೇಲೆ ಗಂಡನ ಉದ್ದ ತೋಳಿನ ಅಂಗಿ ತೊಟ್ಟು ಹೋದರು ಎಂಬುದಷ್ಟೇ ವ್ಯತ್ಯಾಸ. ಸಾಯದೆ, ಯಾರ ಕಣ್ಣಿಗೂ ಬೀಳದೆ ಜ್ವರ ಹೊತ್ತು ತಿರುಗಿದ ಮಂಗ ಆ ಬೆಟ್ಟದಲ್ಲೂ ಇದ್ದಿರಬಹುದು. ಅದಕ್ಕೆ ಯಾವ ತಿಳುವಳಿಕೆಯೂ ಉತ್ತರವಲ್ಲ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಬಗ್ಗೆ ಅವರ ಸಹೋದ್ಯೋಗಿ ಡೇವಿಡ್ ಗುಡ್‌ಸ್ಟೀನ್ ಹೇಳಿದ ಪ್ರಸಂಗವೊಂದಿದೆ. ಕಣಗಳ ವರ್ತನೆಯ ಒಂದು ಕಠಿಣ ನಿಯಮವನ್ನು ವಿವರಿಸಿ ಎಂದು ಕೇಳಿದಾಗ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅದರ ಮೇಲೆ ಪಾಠ ಮಾಡುತ್ತೇನೆ ಎಂದರಂತೆ. ಕೆಲವು ದಿನಗಳ ಮೇಲೆ ಬಂದು, ಆ ಮಟ್ಟಕ್ಕೆ ಇಳಿಸಲು ನನ್ನಿಂದ ಆಗಲಿಲ್ಲ, ಅಂದರೆ ಅದು ನಮಗೆ ನಿಜವಾಗಿ ತಿಳಿದಿಲ್ಲ ಎಂದರಂತೆ. ನಮ್ಮ ಉಣುಗಿನ ಕಥೆಯಲ್ಲೂ ಅಂಥ ಒಂದು ಜಾಗವಿದೆ, ಅದನ್ನು ತೋರಿಸಿಕೊಟ್ಟದ್ದು ಆ ಜಗಲಿಯಲ್ಲಿ ಕೂತಿದ್ದ ಏಳನೆಯ ತರಗತಿಯ ಹುಡುಗಿ.

ಸಭೆ ಮುಗಿದು ಎಲ್ಲರೂ ಏಳುತ್ತಿದ್ದಾಗ ಅವಳು ಕೇಳಿದಳು: ‘ಸರ್, ದೊಡ್ಡ ಉಣುಗು ಮೊಟ್ಟೆ ಇಡ್ತದಲ, ಆ ಮೊಟ್ಟೇಲೂ ವೈರಸ್ಸು ಇರ್ತದಾ?’ ಈ ಜಾತಿಯಲ್ಲಿ ತಾಯಿಯಿಂದ ಮೊಟ್ಟೆಗೆ ಅದು ಹೇಳಿಕೊಳ್ಳುವಷ್ಟು ದಾಟುವುದಿಲ್ಲ ಎಂದು ಅವರು ಹೇಳಿದರು. ಅವಳು ಬೆರಳು ಮಡಚಿ ಎಣಿಸಿದಳು. ‘ಹಾಂಗಾರೆ ಮಳೆಗಾಲ ಮುಗಿದು ಹುಟ್ಟಿದ ಮರಿಯೆಲ್ಲ ಒಳ್ಳೇದೇ. ಮಂಗಕ್ಕೆ ಜ್ವರ ಬಪ್ಪುಕೆ ಒಂದು ಕೆಟ್ಟ ಉಣುಗು ಬೇಕು. ಮೊದ್ಲಿನದು ಎಲ್ಲಿಂದ ಬಂತು?’

ಆರೋಗ್ಯ ಸಹಾಯಕರು ನಕ್ಕರು. ಮಳೆಗಾಲವನ್ನು ವೈರಸ್ಸು ಎಲ್ಲಿ ಕಳೆಯುತ್ತದೆ ಎಂಬುದನ್ನು 1957ರಿಂದ ಹುಡುಕುತ್ತಲೇ ಇದ್ದಾರೆ. ಕಾಡಿಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಅವುಗಳ ಬಿಲದಲ್ಲಿರುವ ಬೇರೆ ಜಾತಿಯ ಉಣ್ಣೆಗಳು ಅದನ್ನು ಉಳಿಸಿಕೊಳ್ಳುತ್ತವೆ ಎಂಬುದು ಒಂದು ಅಭಿಪ್ರಾಯ. ಹಿಂದಿನ ವರ್ಷದ ನಡುಪ್ರಾಯದ ಉಣ್ಣೆಗಳೇ ಕೆಲವು ಮಳೆಗಾಲ ದಾಟಿ ಉಳಿಯುತ್ತವೆ ಎಂಬುದು ಇನ್ನೊಂದು. ಇದೇ ಎಂದು ಬೆರಳಿಟ್ಟು ಹೇಳುವಂತಾಗಿಲ್ಲ. ಅವರು ಅವಳಿಗೆ ಅಷ್ಟನ್ನೂ ಹೇಳಿ, ‘ಇದು ದೊಡ್ಡ ದೊಡ್ಡವ್ರಿಗೂ ಗೊತ್ತಿಲ್ಲ ಮಗಾ’ ಎಂದರು.

ನಾವು ಆ ರಾತ್ರಿ ಹೊನ್ನಾವರಕ್ಕೆ ಇಳಿದು ಹೊಸ ವರದಿ ಬರೆದೆವು. ಮೊದಲ ಸಾಲಿನಿಂದ ‘ಮಂಗಗಳಿಂದ ಹರಡುವ’ ಎಂಬುದನ್ನು ತೆಗೆದೆವು. ಕಳಿಸುವ ಮೊದಲು ಒಬ್ಬನ ಮನೆಯಲ್ಲಿ ಅವನ ಅಮ್ಮನಿಗೆ ಓದಿ ಹೇಳಿ, ನಿನಗೆ ತಿಳಿದದ್ದನ್ನು ಹೇಳು ಎಂದು ಕೂರಿಸಿದೆವು. ಎರಡು ಕಡೆ ತಡೆದರು. ಎರಡೂ ಕಡೆ ಬರೆದದ್ದನ್ನು ಹೊಡೆದು ಬೇರೆ ಬರೆದೆವು. ತಲೆಬರಹ ಮಾತ್ರ ಅಚ್ಚಾಗುವಾಗ ಮತ್ತೆ ‘ಮಂಗನ ಕಾಯಿಲೆ’ ಎಂದೇ ಬಂತು.